ಹಾವು ಕಚ್ಚಿದ ಮೇಲೆ: ಮೊದಲ ಹತ್ತು ನಿಮಿಷ, ದಾರಿ, ಮತ್ತು ಆಸ್ಪತ್ರೆಯ ಮೊದಲ ಇಪ್ಪತ್ತನಾಲ್ಕು ಗಂಟೆ

ಹಾವಿನ ಹಲ್ಲು ಚುಚ್ಚಿದಾಗ ವಿಷ ನೇರವಾಗಿ ರಕ್ತನಾಳಕ್ಕೆ ಹೋಗುವುದು ಅಪರೂಪ. ಸಾಮಾನ್ಯವಾಗಿ ಅದು ಚರ್ಮದ ಕೆಳಗಿನ ಮಾಂಸದಲ್ಲಿ ನಿಂತು, ಅಲ್ಲಿಂದ ಮುಖ್ಯವಾಗಿ ದುಗ್ಧರಸದ ನಾಳಗಳ ಮೂಲಕ ನಿಧಾನವಾಗಿ ಮೇಲೇರುತ್ತದೆ. ರಕ್ತವನ್ನು ತಳ್ಳಲು ಹೃದಯವಿದೆ. ದುಗ್ಧರಸಕ್ಕೆ ಅಂಥ ಪಂಪು ಇಲ್ಲ. ಸುತ್ತಲಿನ ಸ್ನಾಯು ಬಿಗಿದು ಸಡಿಲವಾದಾಗ ಆಗುವ ಹಿಂಡುವಿಕೆಯೇ ಅದನ್ನು ಮುಂದಕ್ಕೆ ಸಾಗಿಸುತ್ತದೆ. ಕಾಲಿಗೆ ಕಚ್ಚಿಸಿಕೊಂಡವರು ಗಾಬರಿಯಲ್ಲಿ ಮನೆಯತ್ತ ಓಡಿದರೆ ಪ್ರತಿ ಹೆಜ್ಜೆಗೂ ಮೀನಖಂಡ ಹಿಂಡಿ, ವಿಷವನ್ನು ತಾವೇ ಮೇಲಕ್ಕೆ ಕಳಿಸಿದಂತಾಗುತ್ತದೆ. ಪ್ರಥಮ ಚಿಕಿತ್ಸೆಯ ಬಹುಪಾಲು ಈ ಒಂದು ಸಂಗತಿಯಿಂದಲೇ ಹುಟ್ಟುತ್ತದೆ. ಕಚ್ಚಿದ ಕೈಯೋ ಕಾಲೋ ಅಲುಗಬಾರದು, ಆದರೆ ಮನುಷ್ಯ ಬೇಗ ಆಸ್ಪತ್ರೆ ಸೇರಬೇಕು. ಇವೆರಡನ್ನೂ ಒಟ್ಟಿಗೆ ಸಾಧಿಸುವುದೇ ಇಲ್ಲಿರುವ ಕೆಲಸ.

ಮೊದಲ ಹತ್ತು ನಿಮಿಷ

ಮೊದಲು ಹಾವಿನಿಂದ ದೂರ ಸರಿಯಿರಿ. ನಾಲ್ಕೈದು ಹೆಜ್ಜೆ ಸಾಕು. ಅದನ್ನು ಹುಡುಕುವುದು, ಅಟ್ಟುವುದು, ಹೊಡೆಯುವುದು ಬೇಡ. ಎರಡನೆಯವರಿಗೂ ಕಚ್ಚಿಸಿಕೊಳ್ಳುವ ಅನಾಹುತ ಆಗುವುದು ಹೀಗೆಯೇ. ಸತ್ತ ಹಾವಿನ ತಲೆ ಕೂಡ ಸ್ವಲ್ಪ ಹೊತ್ತಿನವರೆಗೆ ಮುಟ್ಟಿದರೆ ಕಚ್ಚಬಲ್ಲದು. ಸುರಕ್ಷಿತ ದೂರದಿಂದ ಮೊಬೈಲಿನಲ್ಲಿ ಒಂದು ಫೋಟೋ ಸಿಕ್ಕಿದರೆ ಸಂತೋಷ, ಸಿಗದಿದ್ದರೆ ಅದಕ್ಕಾಗಿ ಒಂದು ನಿಮಿಷವನ್ನೂ ಕಳೆಯಬೇಡಿ.

ಕಚ್ಚಿಸಿಕೊಂಡವರನ್ನು ಅಲ್ಲೇ ಕೂರಿಸಿ ಅಥವಾ ಮಲಗಿಸಿ. ಗಡಿಯಾರ ನೋಡಿ, ಕಚ್ಚಿದ ಸಮಯವನ್ನು ಬರೆದಿಟ್ಟುಕೊಳ್ಳಿ. ಆಸ್ಪತ್ರೆಯಲ್ಲಿ ಮೊದಲು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು, ಗಾಬರಿಯಲ್ಲಿ ಎಲ್ಲರೂ ಮರೆಯುವುದೂ ಇದನ್ನೇ. ಉಂಗುರ, ಬಳೆ, ಗಡಿಯಾರ, ಕಾಲ್ಗೆಜ್ಜೆ, ಕಾಲುಂಗುರ, ಬಿಗಿಯಾದ ಚಪ್ಪಲಿ ಅಥವಾ ಬೂಟು, ಇವನ್ನೆಲ್ಲ ಈಗಲೇ ತೆಗೆಯಿರಿ. ಅರ್ಧ ಗಂಟೆ ಬಿಟ್ಟರೆ ಊತ ಏರಿ ಉಂಗುರ ಬರುವುದಿಲ್ಲ, ಆಮೇಲೆ ಅದೇ ಬೆರಳಿನ ರಕ್ತಸಂಚಾರ ನಿಲ್ಲಿಸುವ ಕಟ್ಟಾಗುತ್ತದೆ.

ಆಮೇಲೆ ದಬ್ಬೆ. ಮೂಳೆ ಮುರಿದಾಗ ಮಾಡುವ ಹಾಗೆಯೇ, ಒಂದು ಕೋಲು, ಹಲಗೆ, ಗಟ್ಟಿ ರಟ್ಟು ಅಥವಾ ಸುತ್ತಿದ ದಿನಪತ್ರಿಕೆಯ ಕಟ್ಟನ್ನು ಕಾಲಿನ ಪಕ್ಕಕ್ಕಿಟ್ಟು, ಮೆತ್ತಗಿನ ಬಟ್ಟೆಯಿಂದ ಸಡಿಲವಾಗಿ ಕಟ್ಟಿ. ಕಚ್ಚಿದ್ದು ಪಾದಕ್ಕಾದರೆ ದಬ್ಬೆ ಪಾದದಿಂದ ಮೊಣಕಾಲು ದಾಟಿ ತೊಡೆಯವರೆಗೆ ಇರಲಿ, ಹಿಮ್ಮಡಿಯ ಕೀಲೂ ಮೊಣಕಾಲೂ ಎರಡೂ ಮಡಚಬಾರದು. ಕೈಗಾದರೆ ದಬ್ಬೆ ಕಟ್ಟಿ ಜೋಳಿಗೆಯಂತೆ ಕುತ್ತಿಗೆಗೆ ತೂಗುಹಾಕಿ. ಕಟ್ಟಿದ ಬಟ್ಟೆಯ ಕೆಳಗೆ ನಿಮ್ಮ ಒಂದು ಬೆರಳು ಸುಲಭವಾಗಿ ತೂರಬೇಕು. ತೂರದಿದ್ದರೆ ಅದು ದಬ್ಬೆಯಲ್ಲ, ಬಿಗಿಕಟ್ಟು. ಊತ ಹೆಚ್ಚುತ್ತಾ ಹೋಗುವುದರಿಂದ ದಾರಿಯಲ್ಲಿ ಹದಿನೈದು ನಿಮಿಷಕ್ಕೊಮ್ಮೆ ಹೀಗೆ ಬೆರಳು ತೂರಿಸಿ ನೋಡಿ.

ಗಾಯದ ಗೋಜಿಗೆ ಹೋಗುವ ಅಗತ್ಯವಿಲ್ಲ. ತೊಳೆಯುವುದು, ತಿಕ್ಕುವುದು, ಮುಲಾಮು ಹಚ್ಚುವುದು ಯಾವುದೂ ಬೇಡ. ಪೆನ್ನಿದ್ದರೆ ಊತ ಎಲ್ಲಿಯವರೆಗೆ ಬಂದಿದೆಯೋ ಅಲ್ಲಿ ಚರ್ಮದ ಮೇಲೆ ಗೆರೆ ಎಳೆದು ಪಕ್ಕದಲ್ಲಿ ಸಮಯ ಬರೆಯಿರಿ. ನೋವು ತಡೆಯಲಾಗದಿದ್ದರೆ, ಎಚ್ಚರವಾಗಿದ್ದು ನುಂಗಲು ತೊಂದರೆಯಿಲ್ಲದವರಿಗೆ ಪ್ಯಾರಾಸಿಟಮಾಲ್ ಕೊಡಬಹುದು. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಕೊಡಬೇಡಿ. ಅವು ರಕ್ತಸ್ರಾವ ಹೆಚ್ಚಿಸುತ್ತವೆ, ಮೂತ್ರಪಿಂಡಕ್ಕೂ ಕೆಟ್ಟದು. ವಿಷ ಮಾಡುವ ಕೆಲಸಕ್ಕೆ ನಾವೇ ಕೈಜೋಡಿಸಿದಂತೆ. ಮದ್ಯ ಬೇಡ, ಹೊಟ್ಟೆ ತುಂಬ ಊಟವೂ ಬೇಡ, ವಾಂತಿಯಾದರೆ ಅದು ಶ್ವಾಸನಾಳಕ್ಕೆ ಇಳಿಯಬಹುದು.

ದಾರಿ

ಆ್ಯಂಬುಲೆನ್ಸ್‌ಗೆ 108 ಅಥವಾ 112ಕ್ಕೆ ಕರೆ ಮಾಡಿ. ಅದು ಬರಲು ತಡವಾಗುವುದಾದರೆ ಸಿಕ್ಕ ವಾಹನದಲ್ಲೇ ಹೊರಡಿ. ಹಾವಿನ ವಿಷವನ್ನು ಅಡಗಿಸುವ ಔಷಧಿಯಾದ ಆಂಟಿವೆನಮ್ ಇದೆಯೇ ಎಂದು ಆಸ್ಪತ್ರೆಗೆ ಮೊದಲೇ ಫೋನ್ ಮಾಡಿ ಕೇಳುವುದು ಒಳ್ಳೆಯದು, ಆ ಕರೆಯನ್ನು ದಾರಿಯಲ್ಲೇ ಮತ್ತೊಬ್ಬರು ಮಾಡಲಿ. ಹತ್ತಿರದಲ್ಲಿರುವುದು ಚಿಕ್ಕ ಆಸ್ಪತ್ರೆಯೇ ಆದರೂ ಅಲ್ಲಿ ಆಂಟಿವೆನಮ್ ಇದ್ದರೆ ಅಲ್ಲಿಗೇ ಮೊದಲು ಹೋಗಿ. ದೊಡ್ಡ ಆಸ್ಪತ್ರೆ ಎರಡು ಗಂಟೆಯ ದಾರಿಯಾದರೆ, ಆ ಎರಡು ಗಂಟೆ ವಿಷಕ್ಕೆ ಕೊಟ್ಟ ಸಮಯ.

ಬೈಕ್ ಬಿಟ್ಟು ಬೇರೇನೂ ಇಲ್ಲದಿದ್ದರೆ ಕಚ್ಚಿಸಿಕೊಂಡವರನ್ನು ಮಧ್ಯೆ ಕೂರಿಸಿ, ಹಿಂದೆ ಒಬ್ಬರು ಹಿಡಿದುಕೊಂಡು ಕೂರಲಿ. ತಾವೇ ಬೈಕ್ ಓಡಿಸಿಕೊಂಡು ಬರಬಾರದು, ದಾರಿಯಲ್ಲೇ ತಲೆ ಸುತ್ತಿ ಬೀಳಬಹುದು. ಕಾರು ಅಥವಾ ಆ್ಯಂಬುಲೆನ್ಸಿನಲ್ಲಿ ವಾಂತಿ ಬರುತ್ತಿದ್ದರೆ ಅಥವಾ ಮಂಪರು ಕವಿದಿದ್ದರೆ ಎಡಮಗ್ಗುಲಿಗೆ ಮಲಗಿಸಿ, ಬಾಯಿ ಕೆಳಮುಖವಾಗಿರಲಿ. ಉಸಿರಾಟ ನಿಂತರೆ ಬಾಯಿಯಿಂದ ಬಾಯಿಗೆ ಉಸಿರು ಕೊಡುವುದನ್ನು ಆಸ್ಪತ್ರೆ ಮುಟ್ಟುವವರೆಗೂ ನಿಲ್ಲಿಸಬೇಡಿ. ನಾಗರಹಾವು ಮತ್ತು ಕಟ್ಟುಹಾವಿನ ವಿಷ ಉಸಿರಾಟದ ಸ್ನಾಯುಗಳನ್ನು ಸ್ತಬ್ಧಗೊಳಿಸುತ್ತದೆ, ಆದರೆ ಹೃದಯ ಇನ್ನೂ ಬಡಿಯುತ್ತಿರುತ್ತದೆ. ಅಂಥವರನ್ನು ಗಾಳಿಯೊಂದೇ ಬದುಕಿಸಬಲ್ಲದು.

ಬಿಗಿಕಟ್ಟಿನ ಅಪಾಯ

ತಪ್ಪು ನಂಬಿಕೆಗಳ ಪೈಕಿ ಅತಿ ಹೆಚ್ಚು ಹಾನಿ ಮಾಡುವುದು ಬಿಗಿಯಾಗಿ ಕಟ್ಟುವುದು. ಕೇಳಲು ಇದು ತಾರ್ಕಿಕವೆನಿಸುತ್ತದೆ: ವಿಷ ಮೇಲೆ ಹೋಗುತ್ತಿದ್ದರೆ ದಾರಿಯನ್ನೇ ಮುಚ್ಚಿಬಿಡೋಣ. ಆದರೆ ಮುಚ್ಚಿದ್ದು ವಿಷದ ದಾರಿ ಮಾತ್ರವಲ್ಲ, ರಕ್ತದ ದಾರಿಯೂ ಹೌದು. ಮಂಡಲದ ಜಾತಿಯ ಹಾವುಗಳ ವಿಷ ಕಚ್ಚಿದ ಜಾಗದ ಮಾಂಸವನ್ನೇ ಕೊಳೆಸುವಂಥದ್ದು. ಅದನ್ನು ಒಂದೇ ಕಡೆ ಬಂಧಿಸಿಟ್ಟು, ರಕ್ತವನ್ನೂ ತಡೆದರೆ ಕಾಲು ಬದುಕುವ ಸಾಧ್ಯತೆ ಕುಗ್ಗುತ್ತದೆ. ಹಾವಿಗಿಂತ ಕಟ್ಟಿನಿಂದಲೇ ಬೆರಳು, ಪಾದ ಕಳೆದುಕೊಳ್ಳುವುದುಂಟು.

ಇನ್ನೊಂದು ಅಪಾಯ ಬಿಚ್ಚುವಾಗ ಬರುತ್ತದೆ. ಒಂದು ಗಂಟೆ ಕಟ್ಟಿನ ಕೆಳಗೆ ನಿಂತಿದ್ದ ವಿಷ ಬಿಚ್ಚಿದ ಕ್ಷಣ ಒಟ್ಟಾಗಿ ದೇಹಕ್ಕೆ ನುಗ್ಗಬಹುದು. ಆಗ ಬಿ.ಪಿ. ಥಟ್ಟನೆ ಇಳಿಯುವುದು, ಉಸಿರಾಟ ನಿಲ್ಲುವುದು ಎರಡೂ ಸಾಧ್ಯ. ಆದ್ದರಿಂದ ಈಗಾಗಲೇ ಯಾರೋ ಬಿಗಿಯಾಗಿ ಕಟ್ಟಿ, ಸಮಯ ಕಳೆದುಹೋಗಿದ್ದರೆ ದಾರಿಯಲ್ಲಿ ಅದನ್ನು ಬಿಚ್ಚಬೇಡಿ, ಇನ್ನಷ್ಟು ಬಿಗಿಯಲೂ ಬೇಡಿ. ಬಾಗಿಲಲ್ಲೇ ವೈದ್ಯರಿಗೆ, ಕಟ್ಟು ಇದೆ, ಇಷ್ಟು ಹೊತ್ತಾಯಿತು ಎಂದು ಹೇಳಿ. ಅವರು ಡ್ರಿಪ್ ಹಾಕಿ, ಆಂಟಿವೆನಮ್ ಸಿದ್ಧವಾಗಿಟ್ಟುಕೊಂಡು ಬಿಚ್ಚುತ್ತಾರೆ. ಆಸ್ಟ್ರೇಲಿಯಾದಲ್ಲಿ ಇಡೀ ಕಾಲಿಗೆ ಅಗಲವಾದ ಎಲಾಸ್ಟಿಕ್ ಬ್ಯಾಂಡೇಜ್ ಸುತ್ತುವ ಪದ್ಧತಿಯಿದೆ. ಅಲ್ಲಿನ ಹಾವುಗಳು ಬೇರೆ, ಅದನ್ನು ಸುತ್ತಲು ತರಬೇತಿಯೂ ಬೇಕು. ನಮ್ಮಲ್ಲಿ ಮಂಡಲದ ಹಾವಿನ ಕಡಿತ ಹೆಚ್ಚಿರುವುದರಿಂದ ಅದನ್ನು ಇಲ್ಲಿ ಅನುಕರಿಸುವುದು ತಪ್ಪು.

ಗಾಯ ಕೊಯ್ದು ರಕ್ತ ಹರಿಸುವುದರ ಅಪಾಯವೂ ಇದೇ ಬಗೆಯದು. ಕೊಳಕುಮಂಡಲದ ವಿಷ ರಕ್ತ ಹೆಪ್ಪುಗಟ್ಟುವ ಗುಣವನ್ನೇ ಕಸಿಯುತ್ತದೆ. ಬ್ಲೇಡಿನ ಚಿಕ್ಕ ಗಾಯದಿಂದಲೂ ಆಮೇಲೆ ರಕ್ತ ನಿಲ್ಲುವುದಿಲ್ಲ. ಬಾಯಿಯಿಂದ ಹೀರಿದರಾಗಲಿ, ಅಂಗಡಿಯಲ್ಲಿ ಸಿಗುವ ಹೀರುವ ಸಾಧನದಿಂದಾಗಲಿ ಹೊರಬರುವುದು ರಕ್ತಮಿಶ್ರಿತ ದ್ರವ, ಅದರಲ್ಲಿ ವಿಷ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಮಂಜುಗಡ್ಡೆ, ಸುಡುವುದು, ವಿದ್ಯುತ್ ಶಾಕ್, ವಿಷ ಹೀರುವ ಕಲ್ಲು ಎಂದು ಮಾರುವ ವಸ್ತು, ಇವುಗಳಿಂದ ಆಗುವ ಲಾಭವೊಂದೂ ಇಲ್ಲ. ಮಾಂಸಕ್ಕೆ ಹಾನಿ ಮತ್ತು ಕಳೆದ ಸಮಯ ಮಾತ್ರ ಖಚಿತ.

ಬೇವಿನ ಸೊಪ್ಪು ಕಹಿಯಾಗದಿದ್ದರೆ ವಿಷ ಏರಿದೆ, ಮೆಣಸಿನಕಾಯಿ ಖಾರವಾಗದಿದ್ದರೆ ವಿಷ ಏರಿದೆ ಎಂಬ ಪರೀಕ್ಷೆಯನ್ನು ಇನ್ನೂ ಮಾಡುತ್ತಾರೆ. ವಿಷ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತಿರುವಾಗಲೂ ನಾಲಿಗೆಗೆ ಬೇವು ಕಹಿಯಾಗಿಯೇ ಇರುತ್ತದೆ. ಕಹಿ ಎಂದು ನಂಬಿ ಮನೆಯಲ್ಲೇ ಉಳಿದವರು ಬೆಳಗ್ಗೆ ಮೂತ್ರದಲ್ಲಿ ರಕ್ತ ಕಂಡು ಆಸ್ಪತ್ರೆಗೆ ಬರುತ್ತಾರೆ. ಎರಡು ಹಲ್ಲಿನ ಗುರುತು ಇದ್ದರೆ ಮಾತ್ರ ವಿಷದ ಹಾವು ಎಂಬುದೂ ಅಷ್ಟೇ. ಒಂದೇ ಗುರುತು, ಗೀಚಿದ ಗೆರೆ, ಅಥವಾ ಏನೂ ಕಾಣದಿರುವುದೂ ಇರುತ್ತದೆ.

ನಿದ್ದೆ ಮಾಡಲು ಬಿಡಬಾರದು ಎಂದು ರಾತ್ರಿಯಿಡೀ ಅಲುಗಿಸಿ ಎಬ್ಬಿಸುತ್ತಾ ನಡೆದಾಡಿಸುವವರಿದ್ದಾರೆ. ನಿದ್ದೆಯಿಂದ ವಿಷ ಏರುವುದಿಲ್ಲ, ನಡೆದಾಡಿಸುವುದರಿಂದ ಏರುತ್ತದೆ. ನಿದ್ದೆಯಂತೆ ಕಾಣುವುದು ಹಲವು ಬಾರಿ ನಿದ್ದೆಯೇ ಅಲ್ಲ. ರೆಪ್ಪೆಯ ಸ್ನಾಯು ಸೋತು ಕಣ್ಣು ಮುಚ್ಚುತ್ತಿರುತ್ತದೆ, ಒಳಗೆ ಮನುಷ್ಯ ಪೂರ್ತಿ ಎಚ್ಚರವಾಗಿರುತ್ತಾನೆ. ಇದು ನರವಿಷದ ಮೊದಲ ಸೂಚನೆ.

ಇಷ್ಟಾದರೂ ಮಂತ್ರ, ನಾಟಿಮದ್ದು ಗುಣ ಮಾಡಿತು ಎನ್ನುವವರ ಮಾತು ಸುಳ್ಳಲ್ಲ, ಅವರ ಲೆಕ್ಕ ತಪ್ಪು. ಕಚ್ಚಿದ ಹಾವುಗಳಲ್ಲಿ ಬಹಳಷ್ಟು ವಿಷವಿಲ್ಲದವು. ವಿಷದ ಹಾವೂ ಕೆಲವೊಮ್ಮೆ ವಿಷ ಬಿಡದೆ ಒಣಕಡಿತ ಕಚ್ಚುತ್ತದೆ. ಅಂಥವರಿಗೆ ಯಾವ ಔಷಧಿ ಕೊಟ್ಟರೂ, ಕೊಡದಿದ್ದರೂ ಗುಣವಾಗುತ್ತದೆ. ಮೊದಲ ಗಂಟೆಯಲ್ಲಿ ಒಣಕಡಿತ ಯಾವುದು, ನಿಜವಾದ ಕಡಿತ ಯಾವುದು ಎಂದು ನೋಡಿ ಹೇಳಲು ವೈದ್ಯರಿಗೂ ಆಗುವುದಿಲ್ಲ. ಮಂಡಲದ ಕಡಿತದಲ್ಲಿ ಅದನ್ನು ತಿಳಿಯುವ ಸರಳ ಪರೀಕ್ಷೆ ಒಂದಿದೆ. ಆಸ್ಪತ್ರೆಯ ಕಥೆ ಅಲ್ಲಿಂದಲೇ ಶುರುವಾಗುತ್ತದೆ.

ಗಾಜಿನ ನಳಿಕೆಯ ಇಪ್ಪತ್ತು ನಿಮಿಷ

ಒಂದು ಉದಾಹರಣೆ ಹಿಡಿದು ನೋಡೋಣ. ಸಂಜೆ 6:40ಕ್ಕೆ ಬದುವಿನ ಮೇಲೆ ನಡೆಯುವಾಗ ಮೂವತ್ತೈದರ ಒಬ್ಬರಿಗೆ ಬಲಪಾದಕ್ಕೆ ಕೊಳಕುಮಂಡಲ ಕಚ್ಚಿದೆ. ದಬ್ಬೆ ಕಟ್ಟಿ, 7:50ಕ್ಕೆ ಆಸ್ಪತ್ರೆಗೆ ತಂದಿದ್ದಾರೆ. ಪಾದ ಊದಿದೆ, ನೋವಿದೆ, ಬಿ.ಪಿ., ಉಸಿರಾಟ ಎರಡೂ ಸರಿಯಿವೆ. ಮನೆಯವರ ಮೊದಲ ಪ್ರಶ್ನೆ, ಇಂಜೆಕ್ಷನ್ ಇನ್ನೂ ಯಾಕೆ ಕೊಟ್ಟಿಲ್ಲ ಎಂಬುದು.

ವೈದ್ಯರು ತೋಳಿನಿಂದ ಎರಡು ಮೂರು ಮಿಲಿಲೀಟರ್ ರಕ್ತ ತೆಗೆದು, ಹೊಸ, ಒಣ, ಸ್ವಚ್ಛ ಗಾಜಿನ ನಳಿಕೆಗೆ ಹಾಕಿ, ಅಲುಗಿಸದೆ ಇಪ್ಪತ್ತು ನಿಮಿಷ ಇಡುತ್ತಾರೆ. ಆಮೇಲೆ ಒಮ್ಮೆ ಮಾತ್ರ ಬಗ್ಗಿಸಿ ನೋಡುತ್ತಾರೆ. ಆರೋಗ್ಯವಂತರ ರಕ್ತ ಅಷ್ಟರಲ್ಲಿ ಗಟ್ಟಿಯಾಗಿ ತಳಕ್ಕೆ ಅಂಟಿರುತ್ತದೆ. ಇವರ ರಕ್ತ ನೀರಿನಂತೆ ಹರಿಯಿತು. ವಿಷ ದೇಹದಲ್ಲಿ ಕೆಲಸ ಮಾಡುತ್ತಿದೆ ಎಂಬುದಕ್ಕೆ ಈ ಒಂದು ನೋಟ ಸಾಕು. ನಳಿಕೆ ಗಾಜಿನದ್ದೇ ಆಗಬೇಕು, ಯಾಕೆಂದರೆ ಹೆಪ್ಪುಗಟ್ಟುವ ಕ್ರಿಯೆಯನ್ನು ಎಬ್ಬಿಸುವುದು ಗಾಜಿನ ಮೇಲ್ಮೈ. ಪ್ಲಾಸ್ಟಿಕ್ ನಳಿಕೆಯಲ್ಲಿ, ಅಥವಾ ಸಾಬೂನು ಪುಡಿಯಿಂದ ತೊಳೆದು ಮತ್ತೆ ಬಳಸಿದ ಗಾಜಿನಲ್ಲಿ ಒಳ್ಳೆಯ ರಕ್ತವೂ ಹೆಪ್ಪುಗಟ್ಟದೆ, ಬೇಡದವರಿಗೆ ಆಂಟಿವೆನಮ್ ಹೋಗಿಬಿಡುತ್ತದೆ.

ಕಚ್ಚಿಸಿಕೊಂಡವರಿಗೆಲ್ಲ ಆಂಟಿವೆನಮ್ ಕೊಡುವುದಿಲ್ಲ. ರಕ್ತ ಹೆಪ್ಪುಗಟ್ಟದಿರುವುದು, ಎಲ್ಲೆಂದರಲ್ಲಿ ರಕ್ತಸ್ರಾವ, ರೆಪ್ಪೆ ಜೋಲುವುದು, ನುಂಗಲು ಆಗದಿರುವುದು, ಬಿ.ಪಿ. ಇಳಿಯುವುದು, ಕೆಲವೇ ಗಂಟೆಗಳಲ್ಲಿ ಊತ ಕೈಕಾಲಿನ ಅರ್ಧ ದಾಟುವುದು, ಇಂಥ ಲಕ್ಷಣ ಇದ್ದರೆ ಮಾತ್ರ ಕೊಡುತ್ತಾರೆ. ಪಾದದ ಸುತ್ತ ಸಣ್ಣ ಊತ ಬಿಟ್ಟು ಬೇರೇನೂ ಇಲ್ಲದವರನ್ನು ಒಂದು ದಿನ ಇಟ್ಟುಕೊಂಡು, ಪರೀಕ್ಷೆ ಮತ್ತೆ ಮತ್ತೆ ಮಾಡಿ, ಮನೆಗೆ ಕಳಿಸುತ್ತಾರೆ. ಸುಮ್ಮನೆ ಒಂದು ಹಾಕಿಬಿಡಿ ಡಾಕ್ಟ್ರೇ ಎಂದು ಒತ್ತಾಯಿಸುವುದು ಬೇಡ. ಯಾಕೆ ಎಂಬುದು ಮುಂದೆ ಸ್ಪಷ್ಟವಾಗುತ್ತದೆ.

ಹತ್ತು ವಯಲ್‌ಗಳ ಲೆಕ್ಕ

ಆಂಟಿವೆನಮ್ ತಯಾರಿಸುವುದು ಕುದುರೆಯಿಂದ. ಸ್ವಲ್ಪ ಸ್ವಲ್ಪವಾಗಿ ವಿಷ ಚುಚ್ಚಿ, ಅದರ ವಿರುದ್ಧ ಕುದುರೆಯ ರಕ್ತದಲ್ಲಿ ಹುಟ್ಟಿದ ಪ್ರತಿಕಾಯಗಳನ್ನು ಬೇರ್ಪಡಿಸಿ ಶುದ್ಧೀಕರಿಸುತ್ತಾರೆ. ಭಾರತದ ಆಂಟಿವೆನಮ್ ನಾಲ್ಕು ಹಾವುಗಳಿಗೆ ಒಟ್ಟಾಗಿ ಕೆಲಸ ಮಾಡುತ್ತದೆ: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ಆದ್ದರಿಂದ ಹಾವು ಯಾವುದೆಂದು ಗೊತ್ತಾಗದೆಯೂ ಚಿಕಿತ್ಸೆ ಶುರುಮಾಡಬಹುದು. ಇದಕ್ಕೆ ಒಂದು ಅಪವಾದ ಪಶ್ಚಿಮ ಘಟ್ಟದ ಗೂನುಮೂಗಿನ ಗುಳಿಮಂಡಲ. ಅದರ ಕಡಿತಕ್ಕೂ ರಕ್ತ ಹೆಪ್ಪುಗಟ್ಟದೆ ಹೋಗಬಹುದು, ಮೂತ್ರಪಿಂಡ ಸೋಲಬಹುದು, ಆದರೆ ಈ ಆಂಟಿವೆನಮ್ ಅದಕ್ಕೆ ನಾಟುವುದಿಲ್ಲ. ಘಟ್ಟದ ತೋಟ, ಕಾಡಂಚಿನಲ್ಲಿ ಕಚ್ಚಿದಾಗ ದೂರದ ಫೋಟೋ ಉಪಯೋಗಕ್ಕೆ ಬರುವುದು ಹೀಗೆ.

ವಯಲ್ ಎಂದರೆ ಔಷಧಿಯ ಪುಟ್ಟ ಸೀಸೆ, ಒಂದಕ್ಕೆ 10 ಮಿಲಿಲೀಟರ್. ಅದರ ಪ್ರತಿ ಮಿಲಿಲೀಟರ್ 0.6 ಮಿಲಿಗ್ರಾಂ ಕೊಳಕುಮಂಡಲದ ವಿಷವನ್ನು ನಿಷ್ಕ್ರಿಯಗೊಳಿಸಬೇಕು ಎಂಬುದು ಭಾರತದಲ್ಲಿನ ಮಾನದಂಡ. ಹಾಗಾದರೆ ಒಂದು ವಯಲ್‌ಗೆ 6 ಮಿಲಿಗ್ರಾಂ. ಕೊಳಕುಮಂಡಲ ಒಂದು ಕಡಿತದಲ್ಲಿ ಬಿಡುವ ವಿಷ ಸರಾಸರಿ 63 ಮಿಲಿಗ್ರಾಂ. ಮೊದಲ ಡೋಸ್ ಹತ್ತು ವಯಲ್ ಎಂಬ ರೂಢಿಗೆ ಈ ಸಣ್ಣ ಗುಣಾಕಾರವೇ ಮೂಲ. ಒಂದು ವಯಲ್ ಕೊಟ್ಟು ಕಾದು ನೋಡುವುದು ಯಾಕೆ ಸಲ್ಲದು ಎಂಬುದಕ್ಕೂ ಇದೇ ಉತ್ತರ. ಐದು ವರ್ಷದ ಮಗುವಿಗೂ ಡೋಸ್ ಇಷ್ಟೇ. ಹಾವು ಮಗುವನ್ನು ನೋಡಿ ಕಡಿಮೆ ವಿಷ ಬಿಡುವುದಿಲ್ಲ, ಔಷಧಿ ಹೋರಾಡಬೇಕಾಗಿರುವುದು ವಿಷದೊಂದಿಗೆ, ದೇಹದ ತೂಕದೊಂದಿಗಲ್ಲ. ಮಗುವಿಗೆ ಕಡಿಮೆ ಮಾಡುವುದು ಜೊತೆಗೆ ಹಾಕುವ ಸಲೈನ್ ಪ್ರಮಾಣವನ್ನು ಮಾತ್ರ.

ಪುಡಿಯ ರೂಪದ ವಯಲ್‌ಗೆ ಶುದ್ಧೀಕರಿಸಿದ ನೀರು ಸೇರಿಸಿ, ಕುಲುಕದೆ ಮೆಲ್ಲಗೆ ತಿರುಗಿಸಿ ಕರಗಿಸುತ್ತಾರೆ. ಕುಲುಕಿದರೆ ನೊರೆ ಎದ್ದು ಪ್ರತಿಕಾಯಗಳು ಹಾಳಾಗುತ್ತವೆ. ಹತ್ತೂ ವಯಲ್‌ಗಳನ್ನು ಸಲೈನ್‌ಗೆ ಬೆರೆಸಿ, ರಕ್ತನಾಳದ ಡ್ರಿಪ್ ಮೂಲಕ ಸುಮಾರು ಒಂದು ಗಂಟೆಯಲ್ಲಿ ಹರಿಸುತ್ತಾರೆ. ಕಚ್ಚಿದ ಜಾಗಕ್ಕೆ ಚುಚ್ಚುವುದಾಗಲಿ, ತೊಡೆ, ಪೃಷ್ಠಕ್ಕೆ ಚುಚ್ಚುವುದಾಗಲಿ ಮಾಡುವಂತಿಲ್ಲ. ಅಲ್ಲಿಂದ ಔಷಧಿ ರಕ್ತ ಸೇರುವುದು ತೀರಾ ನಿಧಾನ, ಹೆಪ್ಪುಗಟ್ಟದ ರಕ್ತದವರಲ್ಲಿ ಚುಚ್ಚಿದ ಕಡೆಯೇ ಒಳಗೆ ರಕ್ತ ಸುರಿಯುತ್ತದೆ.

ಮನೆಯಲ್ಲೇ ಆಂಟಿವೆನಮ್ ಇಟ್ಟುಕೊಂಡರೆ ಆಗದೇ?

ದೂರದ ತೋಟದಲ್ಲಿರುವವರು ಈ ಪ್ರಶ್ನೆ ಕೇಳುವುದು ಸಹಜ. ಉತ್ತರಕ್ಕಾಗಿ ನಮ್ಮ ಉದಾಹರಣೆಗೆ ಮರಳೋಣ.

8:30ಕ್ಕೆ ಡ್ರಿಪ್ ಶುರುವಾಯಿತು. 8:45ಕ್ಕೆ ಅವರು ಮೈ ತುರಿಸುತ್ತಿದೆ ಎಂದರು. ಎದೆಯ ಮೇಲೆ ದದ್ದು ಎದ್ದಿತ್ತು, ಹೊಟ್ಟೆ ಹಿಂಡಿ ವಾಂತಿಯಾಯಿತು, ನಾಡಿ 130ಕ್ಕೆ ಏರಿ ಬಿ.ಪಿ. ಇಳಿಯತೊಡಗಿತು. ಕುದುರೆಯ ಪ್ರೋಟೀನ್ ನಮ್ಮ ದೇಹಕ್ಕೆ ಪರಕೀಯ, ಅದನ್ನು ಕಂಡು ದೇಹ ಹೀಗೆ ಸಿಡಿಯುವುದುಂಟು. ನರ್ಸ್ ತಕ್ಷಣ ಡ್ರಿಪ್ ನಿಲ್ಲಿಸಿ, ತೊಡೆಯ ಹೊರಭಾಗದ ಸ್ನಾಯುವಿಗೆ 0.5 ಮಿಲಿಗ್ರಾಂ ಅಡ್ರಿನಲಿನ್ ಕೊಟ್ಟರು. ಆಮೇಲೆ ಅಲರ್ಜಿ ಔಷಧಿ, ಸಲೈನ್, ಆಮ್ಲಜನಕ. ಹತ್ತು ಹದಿನೈದು ನಿಮಿಷಗಳಲ್ಲಿ ನಾಡಿ ಇಳಿಯಿತು, ಬಿ.ಪಿ. ಏರಿತು. 9:10ಕ್ಕೆ ಅದೇ ಆಂಟಿವೆನಮನ್ನು ನಿಧಾನ ವೇಗದಲ್ಲಿ ಮತ್ತೆ ಶುರುಮಾಡಿದರು, ಯಾಕೆಂದರೆ ವಿಷಕ್ಕೆ ಬೇರೆ ಮದ್ದಿಲ್ಲ. ಅಲರ್ಜಿ ಬಂತೆಂದು ಅಲ್ಲಿಗೇ ನಿಲ್ಲಿಸಿಬಿಡುವುದು ದೊಡ್ಡ ತಪ್ಪು.

ಇದೇ ಘಟನೆ ಮನೆಯಲ್ಲಾದರೆ, ಅಡ್ರಿನಲಿನ್ ಇಲ್ಲದ ಆ ಹದಿನೈದು ನಿಮಿಷದಲ್ಲಿ ಔಷಧಿಯಿಂದಲೇ ಸಾವು ಬರಬಹುದು. ಇಂಥ ಪ್ರತಿಕ್ರಿಯೆ ಸಾಮಾನ್ಯವಾಗಿ ಮೊದಲ ಹತ್ತು ನಿಮಿಷದಿಂದ ಮೂರು ಗಂಟೆಯೊಳಗೆ ಬರುತ್ತದೆ, ಹಾಗಾಗಿ ಡ್ರಿಪ್ ಶುರುವಾದ ಮೊದಲರ್ಧ ಗಂಟೆ ಯಾರಾದರೊಬ್ಬರು ಹಾಸಿಗೆಯ ಪಕ್ಕದಲ್ಲೇ ಇರಬೇಕು. ಚರ್ಮದ ಮೇಲೆ ಸ್ವಲ್ಪ ಚುಚ್ಚಿ ಮೊದಲೇ ಪರೀಕ್ಷೆ ಮಾಡಿ ನೋಡುವ ಹಳೆಯ ಪದ್ಧತಿಯನ್ನು ಈಗ ಕೈಬಿಟ್ಟಿದ್ದಾರೆ. ಅದರಲ್ಲಿ ಏನೂ ಆಗದವರಿಗೂ ಡ್ರಿಪ್‌ನಲ್ಲಿ ತೀವ್ರ ಪ್ರತಿಕ್ರಿಯೆ ಬರುತ್ತದೆ. ಚಳಿ ನಡುಕದೊಂದಿಗೆ ಒಂದೆರಡು ಗಂಟೆಯಲ್ಲಿ ಏರುವ ಜ್ವರ ಬೇರೆ ಬಗೆಯದು, ಅದಕ್ಕೆ ಜ್ವರದ ಮಾತ್ರೆ ಮತ್ತು ಡ್ರಿಪ್ ನಿಧಾನಗೊಳಿಸುವುದು ಸಾಮಾನ್ಯವಾಗಿ ಸಾಕಾಗುತ್ತದೆ.

ಮನೆಯ ಆಂಟಿವೆನಮ್‌ಗೆ ಇನ್ನೊಂದು ತೊಡಕೂ ಇದೆ, ಅದನ್ನು ಜನ ಗಮನಿಸುವುದು ಕಡಿಮೆ. ಎಷ್ಟು ಸಾಕಾಯಿತು ಎಂದು ಮನೆಯಲ್ಲಿ ತಿಳಿಯುವುದು ಹೇಗೆ?

ಆರು ಗಂಟೆಗೊಮ್ಮೆ

ಆಂಟಿವೆನಮ್ ಮಾಡುವುದು ಒಂದೇ ಕೆಲಸ, ವಿಷವನ್ನು ಹಿಡಿದು ಕಟ್ಟಿಹಾಕುವುದು. ವಿಷ ಆಗಲೇ ಖಾಲಿ ಮಾಡಿದ ಹೆಪ್ಪುಗಟ್ಟುವ ಪ್ರೋಟೀನ್‌ಗಳನ್ನು ಅದು ತುಂಬಿಕೊಡುವುದಿಲ್ಲ. ಅವನ್ನು ಮತ್ತೆ ತಯಾರಿಸಬೇಕಾದದ್ದು ಯಕೃತ್ತು. ವಿಷ ನಿಂತ ಮೇಲೆ, ರಕ್ತ ಹೆಪ್ಪುಗಟ್ಟುವಷ್ಟು ಪ್ರೋಟೀನ್ ತುಂಬಲು ಅದಕ್ಕೆ ಸುಮಾರು ಆರು ಗಂಟೆ ಬೇಕು. ಆಂಟಿವೆನಮ್ ಮುಗಿದ ಒಂದು ಗಂಟೆಗೆ ಪರೀಕ್ಷೆ ಮಾಡಿದರೆ ವಿಷ ಹೋಗಿದ್ದರೂ ರಕ್ತ ನೀರಾಗಿಯೇ ಇರುತ್ತದೆ. ಅದನ್ನು ನಂಬಿ ಇನ್ನಷ್ಟು ವಯಲ್ ಹಾಕಿದರೆ ವ್ಯರ್ಥ. ಆದ್ದರಿಂದ ಆರು ಗಂಟೆಗೊಮ್ಮೆ ಗಾಜಿನ ನಳಿಕೆ.

ರಾತ್ರಿ 2:30ಕ್ಕೆ ನಮ್ಮವರ ರಕ್ತ ಇನ್ನೂ ಹೆಪ್ಪುಗಟ್ಟಲಿಲ್ಲ. ವಿಷ ಬಾಕಿಯಿದೆ ಎಂದರ್ಥ, ಮತ್ತೆ ಹತ್ತು ವಯಲ್ ಹೋಯಿತು. ಬೆಳಗ್ಗೆ 8:30ಕ್ಕೆ ನಳಿಕೆ ಬಗ್ಗಿಸಿದಾಗ ರಕ್ತ ಗಟ್ಟಿಯಾಗಿ ನಿಂತಿತ್ತು. ಅಲ್ಲಿಗೂ ಮನೆಗೆ ಕಳಿಸುವುದಿಲ್ಲ. ಕಚ್ಚಿದ ಜಾಗದ ಮಾಂಸದಲ್ಲಿ ಉಳಿದ ವಿಷ ಗಂಟೆಗಟ್ಟಲೆ ಸೋರುತ್ತಲೇ ಇರುತ್ತದೆ, ರಕ್ತದಲ್ಲಿದ್ದ ಆಂಟಿವೆನಮ್ ಕಡಿಮೆಯಾದ ಹಾಗೆ ಅದು ಮತ್ತೆ ಮೇಲುಗೈ ಪಡೆಯಬಹುದು. ಬೆಳಗ್ಗೆ ಹೆಪ್ಪುಗಟ್ಟಿದ ರಕ್ತ ಸಂಜೆಗೆ ಮತ್ತೆ ನೀರಾಗುವುದುಂಟು. ಟೆಟನಸ್ ಇಂಜೆಕ್ಷನ್ ಕೂಡ ಸ್ನಾಯುವಿಗೆ ಕೊಡುವಂಥದ್ದಾದ್ದರಿಂದ ರಕ್ತ ಸರಿಯಾದ ಮೇಲೆಯೇ ಕೊಡುತ್ತಾರೆ.

ಈ ನಡುವೆ ಮನೆಯವರು ಮಾಡಬಹುದಾದ ದೊಡ್ಡ ಸಹಾಯ ಮೂತ್ರದ ಲೆಕ್ಕ ಇಡುವುದು. ಎಷ್ಟು ಹೊತ್ತಿಗೆ, ಎಷ್ಟು, ಯಾವ ಬಣ್ಣ. ಕೊಳಕುಮಂಡಲದ ವಿಷ ಮೂತ್ರಪಿಂಡಕ್ಕೆ ಹೊಡೆತ ಕೊಡುತ್ತದೆ. ಮೂತ್ರ ಕಡಿಮೆಯಾಗುತ್ತಾ ಬಂದರೆ, ಕೆಂಪು ಅಥವಾ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಕೂಡಲೇ ಹೇಳಿ. ಡಯಾಲಿಸಿಸ್ ಇರುವ ಆಸ್ಪತ್ರೆಗೆ ಸಾಗಿಸುವ ತೀರ್ಮಾನ ಇದರ ಮೇಲೆ ನಿಂತಿರುತ್ತದೆ. ಕಿವಿಯ ಕೆಳಗಿನ ಕೆನ್ನೆ ಊದುವುದು, ಕಣ್ಣಿನ ಬಿಳಿಭಾಗ ನೀರು ತುಂಬಿ ಉಬ್ಬುವುದು ಕಂಡರೆ ಅದನ್ನೂ ತಿಳಿಸಿ, ರಕ್ತನಾಳಗಳಿಂದ ದ್ರವ ಸೋರುತ್ತಿದೆ ಎಂಬುದರ ಗುರುತು ಅದು.

ಕಟ್ಟುಹಾವು ಬೇರೆಯೇ ಲೆಕ್ಕ

ಮೇಲಿನದೆಲ್ಲ ಮಂಡಲದ ಕಥೆ. ಕಟ್ಟುಹಾವು ರಾತ್ರಿ, ನೆಲದಲ್ಲಿ ಮಲಗಿದವರಿಗೆ ಕಚ್ಚುತ್ತದೆ. ನೋವಿಲ್ಲ, ಊತವಿಲ್ಲ, ಎಷ್ಟೋ ಸಲ ಗುರುತೂ ಇಲ್ಲ. ನಸುಕಿನಲ್ಲಿ ಹೊಟ್ಟೆನೋವು, ವಾಂತಿ, ಆಮೇಲೆ ರೆಪ್ಪೆ ಜೋಲುವುದು, ಒಂದು ವಸ್ತು ಎರಡಾಗಿ ಕಾಣುವುದು, ಮಾತು ತೊದಲುವುದು. ಹೊಟ್ಟೆನೋವಿನ ಔಷಧಿ ಕೊಟ್ಟು ಮಲಗಿಸುವುದು ಇಲ್ಲಿ ಆಗುವ ತಪ್ಪು. ನೆಲದಲ್ಲಿ ಮಲಗಿದ್ದವರಿಗೆ ಕಾರಣವಿಲ್ಲದೆ ಹೊಟ್ಟೆನೋವು ಬಂದು ರೆಪ್ಪೆ ಇಳಿದರೆ, ಹಾವು ಕಾಣದಿದ್ದರೂ ಹಾವೆಂದೇ ಭಾವಿಸಿ ಹೊರಡಿ. ದಾರಿಯಲ್ಲಿ ಒಂದೇ ಉಸಿರಿನಲ್ಲಿ ಎಷ್ಟರವರೆಗೆ ಎಣಿಸಬಲ್ಲರು ಎಂದು ಆಗಾಗ ಕೇಳಿ. ಮೂವತ್ತರಿಂದ ಹದಿನೈದಕ್ಕೆ ಇಳಿದರೆ ಉಸಿರಾಟದ ಸ್ನಾಯು ಸೋಲುತ್ತಿದೆ.

ನಾಗರಹಾವಿನ ವಿಷ ಸ್ನಾಯುವಿನ ಕಡೆ ನರದ ಸಂದೇಶ ಬಂದು ಇಳಿಯುವ ಜಾಗವನ್ನು ಹೊರಗಿನಿಂದ ಮುಚ್ಚುತ್ತದೆ. ಅದಕ್ಕೆ ಆಂಟಿವೆನಮ್ ಜೊತೆಗೆ ನಿಯೋಸ್ಟಿಗ್ಮಿನ್, ಆಟ್ರೋಪಿನ್ ಕೊಟ್ಟು ಗಂಟೆಯೊಳಗೆ ರೆಪ್ಪೆ ಏಳುವುದನ್ನು ಕಾಣಬಹುದು. ಕಟ್ಟುಹಾವಿನ ವಿಷ ನರದ ತುದಿಯನ್ನೇ ಹಾಳು ಮಾಡುತ್ತದೆ. ಹಾಳಾದ ಮೇಲೆ ಯಾವ ಆಂಟಿವೆನಮ್‌ಗೂ ಅದನ್ನು ಸರಿಮಾಡಲಾಗದು, ತುದಿ ಮತ್ತೆ ಬೆಳೆಯುವವರೆಗೆ ಕಾಯಬೇಕು. ಅಷ್ಟು ದಿನ ವೆಂಟಿಲೇಟರ್ ಉಸಿರಾಡಿಸುತ್ತದೆ. ಇಂಜೆಕ್ಷನ್ ಕೊಟ್ಟರೂ ಕಣ್ಣು ಬಿಡಲಿಲ್ಲ ಎಂದು ಮನೆಯವರು ಆಸೆ ಬಿಟ್ಟು ಕರೆದೊಯ್ಯಲು ಸಿದ್ಧರಾಗುವುದು ಈ ಹಂತದಲ್ಲೇ. ರೆಪ್ಪೆ ಎತ್ತಲಾಗದ ಆ ವ್ಯಕ್ತಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿರಬಹುದು, ವೆಂಟಿಲೇಟರ್ ಇದ್ದಷ್ಟು ದಿನ ಪೂರ್ತಿ ಗುಣವಾಗುವ ದಾರಿ ತೆರೆದೇ ಇರುತ್ತದೆ.

ಮನೆಗೆ ಹೋದ ಮೇಲೆ

ಬಿಡುಗಡೆಯಾದ ಮೇಲೆ ಒಂದರಿಂದ ಎರಡು ವಾರದೊಳಗೆ, ಹೆಚ್ಚಾಗಿ ಏಳನೇ ದಿನದ ಆಸುಪಾಸಿನಲ್ಲಿ, ಜ್ವರ, ಮೈ ತುರಿಕೆ, ಕೀಲುನೋವು, ಗಂಟು ಊದುವುದು ಕಾಣಿಸಬಹುದು. ಇದು ವಿಷ ಮರಳಿ ಬಂದದ್ದಲ್ಲ, ಕುದುರೆಯ ಪ್ರೋಟೀನ್ ವಿರುದ್ಧ ದೇಹದ ತಡವಾದ ಪ್ರತಿಕ್ರಿಯೆ. ಮಾತ್ರೆಗಳಿಂದ ಗುಣವಾಗುತ್ತದೆ, ಆದರೆ ಆಸ್ಪತ್ರೆಗೆ ತೋರಿಸಬೇಕು. ಒಸಡಿನಿಂದ ರಕ್ತ, ಕಪ್ಪು ಮಲ, ಮೂತ್ರ ಕಡಿಮೆಯಾಗುವುದು, ಕಚ್ಚಿದ ಜಾಗ ಕಪ್ಪಾಗಿ ವಾಸನೆ ಬರುವುದು ಕಂಡರೆ ಅದೇ ದಿನ ಹೋಗಿ.

ಬಿಡುಗಡೆ ಚೀಟಿಯಲ್ಲಿ ಎಷ್ಟು ವಯಲ್ ಹೋಯಿತು, ಅಲರ್ಜಿ ಬಂದಿತ್ತೇ ಎಂಬುದನ್ನು ಬರೆಸಿಕೊಂಡು ಜೋಪಾನವಾಗಿಡಿ. ಮುಂದೆ ಮತ್ತೊಮ್ಮೆ ಹಾವು ಕಚ್ಚಿದರೆ ಆಂಟಿವೆನಮ್ ಕೊಡಲು ಹಿಂದೆ ಬಂದ ಅಲರ್ಜಿ ಅಡ್ಡಿಯಲ್ಲ. ಆ ಚೀಟಿ ನೋಡಿದ ವೈದ್ಯರು ಡ್ರಿಪ್ ಚುಚ್ಚುವ ಮೊದಲೇ ಅಡ್ರಿನಲಿನ್ ತುಂಬಿದ ಸಿರಿಂಜನ್ನು ಹಾಸಿಗೆಯ ಪಕ್ಕ ಇಟ್ಟುಕೊಳ್ಳುತ್ತಾರೆ.